ಬನ್ನಿಮಂಟಪದ ಪಾಸು, ಮೂರಡಿ ಜಗಲಿ

ಅಂಗವಿಕಲರಿಗೆ ಪ್ರತ್ಯೇಕ ಆಸನ, ಪ್ರತ್ಯೇಕ ಸಾಲು, ನೇರ ದರ್ಶನ. ಹಬ್ಬ ಬಂದಾಗ ಇಂಥ ಏರ್ಪಾಡಿನ ಸುದ್ದಿಗೆ ನಮ್ಮ ಪತ್ರಿಕೆಗಳಲ್ಲಿ ಜಾಗ ಸಿಕ್ಕೇ ಸಿಗುತ್ತದೆ, ಜೊತೆಗೊಂದು ಫೋಟೊ, ಮಾನವೀಯತೆ ಎಂಬ ಶೀರ್ಷಿಕೆ. ಈ ಹೊಗಳಿಕೆ ಅತಿಯಾಯಿತು ಎಂಬುದು ನನ್ನ ತಕರಾರು. ಪ್ರತ್ಯೇಕ ಆಸನವೆಂದರೆ ಜನಜಂಗುಳಿಯಿಂದ ಕೊಟ್ಟ ವಿನಾಯಿತಿ. ಹಬ್ಬದೊಳಗೆ ಹೋಗುವ ದಾರಿ ಬೇರೆಯದೇ ಮಾತು.

ಬನ್ನಿಮಂಟಪವನ್ನೇ ತೆಗೆದುಕೊಳ್ಳಿ. ವಿಜಯದಶಮಿಯಂದು ಚಾಮುಂಡೇಶ್ವರಿಯನ್ನು ಹೊತ್ತ ಅಂಬಾರಿ ಅರಮನೆಯಿಂದ ಹೊರಟು ಸಯ್ಯಾಜಿರಾವ್ ರಸ್ತೆ ಹಿಡಿದು ಸುಮಾರು 5 ಕಿಲೋಮೀಟರ್ ದಾಟಿ ಇಲ್ಲಿಗೆ ಬಂದು ಸೇರುತ್ತದೆ. ಕತ್ತಲಾದ ಮೇಲೆ ಮೈದಾನದಲ್ಲಿ ಪಂಜಿನ ಕವಾಯತು. ಕವಾಯತು ಕಾಣಲು ಪಾಸು ಬೇಕು ಎನ್ನುವುದು ಮೈಸೂರಿಗರಿಗೆ ಹೇಳಬೇಕಾದ ಸಂಗತಿಯಲ್ಲ. ಆದರೆ ಪಾಸು ಕೈಗೆ ಬಂದ ಮೇಲಿನ ಕತೆಯನ್ನು ಯಾರೂ ಬರೆಯುವುದಿಲ್ಲ. ಮೆರವಣಿಗೆಯ ರಸ್ತೆಗಳು ವಾಹನಗಳಿಗೆ ಬಂದ್. ಆಟೊ ಬಿಟ್ಟ ಜಾಗದಿಂದ ಮೈದಾನದ ಗೇಟಿನವರೆಗೆ ಗಾಲಿಕುರ್ಚಿ ತಳ್ಳಿಕೊಂಡೇ ಹೋಗಬೇಕು. ನಡುವೆ ಫುಟ್‌ಪಾತಿನ ಅಂಚು, ಮುಚ್ಚಳ ಸರಿದ ಚರಂಡಿ, ಅಡ್ಡ ಕಟ್ಟಿದ ಮರದ ಗಳುಗಳು. ಒಳಗೆ ಹೋದರೆ ಗ್ಯಾಲರಿ ಮೆಟ್ಟಿಲು. ಕವಾಯತು ಮುಗಿದ ರಾತ್ರಿ ಸಾವಿರಾರು ಜನ ಒಂದೇ ಸಲ ಎದ್ದಾಗ ಕುರ್ಚಿಯಲ್ಲಿ ಕೂತವರು ಕಡೆಗೆ ಹೊರಡಬೇಕು, ಇಲ್ಲವೇ ಎಲ್ಲರಿಗಿಂತ ಮೊದಲು ಎದ್ದು ಪಟಾಕಿಯ ಸದ್ದನ್ನು ರಸ್ತೆಯಲ್ಲಿ ಕೇಳಬೇಕು. ಆಸನ ಎಷ್ಟು ಚೆನ್ನಾಗಿದೆ ಎಂದು ಅಳೆಯುವವರು ಶೌಚಾಲಯ ಎಷ್ಟು ದೂರ, ಅದರ ಬಾಗಿಲು ಎಷ್ಟು ಅಗಲ ಎಂದು ಮೊದಲು ಅಳೆಯಲಿ. ಇಂಥ ದಿನ ಬೆಳಗ್ಗಿನಿಂದ ನೀರು ಕುಡಿಯದೆ ಬರುವ ಅಂಗವಿಕಲ ಮಹಿಳೆಯರಿದ್ದಾರೆ.

ಇನ್ನು ಎಲ್ಲರೂ ಮೆಚ್ಚುವ ಇನ್ನೊಂದು ವಸ್ತು, ರ್‍ಯಾಂಪು. ದೇವಸ್ಥಾನಕ್ಕೆ ರ್‍ಯಾಂಪ್ ಹಾಕಿದರೆ ಕೆಲಸ ಮುಗಿಯಿತು ಎಂಬ ನಂಬಿಕೆ ಎಲ್ಲ ಸಮಿತಿಗಳಲ್ಲೂ ಇದೆ. ಲೆಕ್ಕ ಹಾಕಿ ನೋಡೋಣ. ಸಾಧಾರಣ ಗುಡಿಯ ಜಗಲಿ 3 ಅಡಿ ಎತ್ತರ ಎಂದುಕೊಳ್ಳಿ. ಕಡಿದಾದರೂ ತಾಳಬಹುದಾದ ಇಳಿಜಾರು 12ಕ್ಕೆ 1, ಅಂದರೆ 1 ಅಡಿ ಏರಲು 12 ಅಡಿ ಉದ್ದ. 3 ಅಡಿಗೆ 36 ಅಡಿ. ಇಂಥ ಇಳಿಜಾರಿನಲ್ಲಿ ಸುಮಾರು 30 ಅಡಿಗೊಮ್ಮೆ ನಿಂತು ಉಸಿರಾಡಲು ಸಮತಟ್ಟು ಬೇಕು, ಆದ್ದರಿಂದ ನಡುವೆ 5 ಅಡಿ. ಕುರ್ಚಿ ತಿರುಗಿಸಲು ಕೆಳಗೆ 5 ಅಡಿ, ಮೇಲೆ 5 ಅಡಿ. ಒಟ್ಟು 51 ಅಡಿ. ರಸ್ತೆಗೆ ಅಂಟಿಕೊಂಡ ಗುಡಿಯ ಮುಂದೆ ಇಷ್ಟು ಜಾಗ ಇರುವುದಿಲ್ಲ ನಿಜ. ಪಕ್ಕದ ಗೋಡೆಗುಂಟ ಎಲ್ ಆಕಾರದಲ್ಲಿ ಮಡಚಿ ಕಟ್ಟಬಹುದು. ನಾವು ಮಾಡುವುದೇನು? ಮೆಟ್ಟಿಲ ಪಕ್ಕದಲ್ಲೇ 10 ಅಡಿಯ ಸಿಮೆಂಟು ಹಾಸು. 10ಕ್ಕೆ 3 ಅಡಿ ಏರು! ಒಬ್ಬಂಟಿಯಾಗಿ ಏರುವವರ ಕುರ್ಚಿಯ ಮುಂದಿನ ಚಕ್ರ ನೆಲ ಬಿಟ್ಟು ಮೇಲೇಳುತ್ತದೆ. ಇಬ್ಬರು ಎಳೆದು ಒಯ್ಯಬೇಕು, ಇಳಿಯುವಾಗ ಬೆನ್ನು ಮುಂದಾಗಿ ಹಿಡಿದಿಳಿಸಬೇಕು. ಆ ರ್‍ಯಾಂಪು ಕೊನೆಗೆ ತೆಂಗಿನಕಾಯಿ ಮೂಟೆ ಸಾಗಿಸಲಷ್ಟೇ ಉಪಯೋಗವಾಗುತ್ತದೆ.

ಇದನ್ನು ಪರೀಕ್ಷಿಸಲು ಎಂಜಿನಿಯರ್ ಬೇಕಿಲ್ಲ. 4 ಅಡಿಯ ನೇರ ಪಟ್ಟಿಯೊಂದನ್ನು ಇಳಿಜಾರಿನ ಮೇಲಿಟ್ಟು ಕೆಳತುದಿಯನ್ನು ರಸಮಟ್ಟ ಸಮವಾಗುವವರೆಗೆ ಎತ್ತಿ. ತುದಿಯ ಕೆಳಗಿನ ಸಂದು 4 ಅಂಗುಲಕ್ಕಿಂತ ಹೆಚ್ಚಾದರೆ ಅದು ಅಂಗವಿಕಲರಿಗಾಗಿ ಹಾಕಿದ್ದಲ್ಲ. ಮೇಲ್ಮೈ ಹೇಗಿದೆ ಎಂಬುದೂ ಮುಖ್ಯ: ಪಾಲಿಷ್ ಮಾಡಿದ ಗ್ರಾನೈಟಿನ ಮೇಲೆ ಅಭಿಷೇಕದ ನೀರು, ಎಣ್ಣೆ, ಕುಂಕುಮ ಸೇರಿದರೆ ಊರುಗೋಲು ಹಿಡಿದವರಿಗೆ ಮೆಟ್ಟಿಲೇ ವಾಸಿ.

ರ್‍ಯಾಂಪ್ ಏರಿದರೂ ಹೊಸ್ತಿಲು ಕಾದಿರುತ್ತದೆ. ಕುರ್ಚಿಯ ಮುಂದಿನ ಪುಟ್ಟ ಚಕ್ರಕ್ಕೆ 1 ಅಂಗುಲದ ಎತ್ತರವೇ ತಡೆಯಾಗಬಹುದು, ನಮ್ಮ ಕಲ್ಲು ಹೊಸ್ತಿಲು ಹಲವೆಡೆ ಅರ್ಧ ಅಡಿ. ಹೊಸ್ತಿಲು ತುಳಿಯಬಾರದು ಎಂಬ ಆಚಾರವನ್ನು ನಾನು ಗೇಲಿ ಮಾಡುವುದಿಲ್ಲ. ಬೇಕಾದಾಗ ಇಟ್ಟು ತೆಗೆಯುವ, ಹೊಸ್ತಿಲನ್ನು ಮುಟ್ಟದೆ ಅದರ ಮೇಲೆ ಹಾದುಹೋಗುವ ಮರದ ಸೇತುವೆ ಬಡಗಿಯೊಬ್ಬನ ಕೆಲಸ. ಬೀದಿ ತುಳಿದ ಚಕ್ರ ಮಡಿಗೆ ಬಾರದು ಎನ್ನುವವರಿಗೂ ಉತ್ತರವಿದೆ: ಹೊರಗೆ ಹೋಗದ ಗಾಲಿಕುರ್ಚಿಯನ್ನು ದೇವಸ್ಥಾನವೇ ಒಳಗಿಟ್ಟುಕೊಳ್ಳಲಿ.

ಇಲ್ಲಿ ನನ್ನ ಜಗಳ ಇನ್ನೊಬ್ಬರ ಜೊತೆ, ಪಾರಂಪರಿಕ ಕಟ್ಟಡಗಳ ಕಾವಲುಗಾರರ ಜೊತೆ. ಕಲ್ಲಿನ ಸೌಂದರ್ಯ ಕೆಡುತ್ತದೆ ಎಂಬುದು ಅವರ ವಾದ. ಅದೇ ಕಟ್ಟಡದಲ್ಲಿ ಹುಂಡಿಗೆ ಸ್ಟೀಲ್ ಪಂಜರ, ಗೋಡೆಯ ಮೇಲೆ ಸಿಸಿಟಿವಿ, ಸಾಲಿಗೆ ಕಬ್ಬಿಣದ ಕಟಕಟೆ ಬಂದಾಗ ಇವರು ಎಲ್ಲಿದ್ದರು? ಆ ಕಟಕಟೆಯಂತೂ ತಿರುವಿನಲ್ಲಿ ಎಷ್ಟು ಇಕ್ಕಟ್ಟೆಂದರೆ ದಪ್ಪ ಮನುಷ್ಯನೂ ಓರೆಯಾಗಿ ನುಸುಳಬೇಕು. ಪುರಾತತ್ವ ಇಲಾಖೆಯೇ ಸಂರಕ್ಷಿತ ಸ್ಮಾರಕಗಳಲ್ಲಿ ಇಳಿಜಾರು ಹಾಕಿಸಿರುವಾಗ ಹಾಲಿ ಪೂಜೆ ನಡೆಯುವ ಗುಡಿಯಲ್ಲಿ ಮಾತ್ರ ಅದು ಅಪಚಾರವಾಗುವುದು ಹೇಗೆ? ಬೆಟ್ಟದ ಸಾವಿರ ಮೆಟ್ಟಿಲು ಹತ್ತುವ ಕಷ್ಟವೇ ಭಕ್ತಿ ಎನ್ನುವವರಿಗೆ ನಾನು ಹೇಳುವುದು ಇಷ್ಟೇ: ಕಷ್ಟವನ್ನು ಆರಿಸಿಕೊಂಡವನಿಗೆ ಅದು ವ್ರತ, ಪಕ್ಕದಲ್ಲಿ ಕಾರಿನ ರಸ್ತೆಯೂ ಇದೆ.

ಸೇಂಟ್ ಫಿಲೋಮಿನಾ ಚರ್ಚಿನದು ಬೇರೆ ತೊಡಕು. 1933ರಲ್ಲಿ ನಾಲ್ವಡಿಯವರು ಅಡಿಗಲ್ಲಿಟ್ಟ ಆ ಗಾಥಿಕ್ ಕಟ್ಟಡದಲ್ಲಿ ಜನ ಹುಡುಕಿಕೊಂಡು ಹೋಗುವ ಸಂತ ಫಿಲೋಮಿನಾರ ಪ್ರತಿಮೆ ನೆಲಮಾಳಿಗೆಯಲ್ಲಿದೆ, ಅಲ್ಲಿಗೆ ಮೆಟ್ಟಿಲು ಮತ್ತು ಇಕ್ಕಟ್ಟಾದ ಓಣಿ. ಕಟ್ಟಡವನ್ನು ಒಡೆಯದೆ ಅಲ್ಲಿಗೆ ಕುರ್ಚಿ ಇಳಿಸುವುದು ಕಷ್ಟ, ಇದನ್ನು ಒಪ್ಪಬೇಕು. ಆದರೆ ಕ್ರೈಸ್ತ ಪದ್ಧತಿಯಲ್ಲಿ ಒಂದು ಜಾಣ್ಮೆ ಇದೆ: ನಡೆಯಲಾಗದವರ ಬೆಂಚಿನ ಹತ್ತಿರಕ್ಕೇ ಪಾದ್ರಿ ಪರಮಪ್ರಸಾದ ತರುತ್ತಾರೆ. ಭಕ್ತ ಹೋಗಲಾಗದಿದ್ದಲ್ಲಿ ಪೂಜೆಯೇ ಇಳಿದು ಬರುತ್ತದೆ. ನಮ್ಮ ಉತ್ಸವಮೂರ್ತಿಯ ಕಲ್ಪನೆಯೂ ಅದೇ ತಾನೇ? ಗರ್ಭಗುಡಿಗೆ ಬರಲಾಗದವರಿಗಾಗಿ ದೇವರು ಬೀದಿಗೆ ಬರುವುದು. ಬನ್ನಿಮಂಟಪದವರೆಗೆ ಬರುವ ದೇವಿಗೆ ಕುರುಡರು ಎಷ್ಟು ಹತ್ತಿರ ನಿಂತಿದ್ದಾರೆ ಎಂದು ಯಾರಾದರೂ ಕೇಳಿದರೆ, ಆಗ ದರ್ಶನ ಎನ್ನುವುದನ್ನು ಅವರು ಕಿವಿಯಿಂದ, ಆರತಿಯ ಶಾಖದಿಂದ ಪಡೆಯುವುದು ಹೇಗೆ ಎಂಬ ಚರ್ಚೆ ಶುರುವಾಗುತ್ತದೆ.

ಮಸೀದಿಯಲ್ಲಿ ರ್‍ಯಾಂಪಿಗಿಂತ ದೊಡ್ಡ ಪ್ರಶ್ನೆ ವಜೂ ಮಾಡುವ ಜಾಗದ್ದು. ಬಗ್ಗಿ ಕೂರುವ ಕಟ್ಟೆ, ಒದ್ದೆ ನೆಲ. ಹಿಡಿಯಲು ಒಂದು ಸರಳು, ಕೈಗೆಟುಕುವ ನಲ್ಲಿ ಇದ್ದರೆ ಸಾಕು, ಖರ್ಚು ಬಹಳವಿಲ್ಲ. ಇನ್ನು ಕುರ್ಚಿಯಲ್ಲಿ ನಮಾಜು ಮಾಡುವವರನ್ನು ಸಾಲಿನ ತುದಿಗೋ ಹಿಂದಕ್ಕೋ ಕಳಿಸುವ ರೂಢಿ ಇದೆ. ಕುರ್ಚಿಯ ಹಿಂದಿನ ಕಾಲುಗಳನ್ನು ಪಕ್ಕದವರ ಹಿಮ್ಮಡಿಗೆ ಸಮವಾಗಿಟ್ಟರೆ ಸಾಲು ಕೆಡುವುದಿಲ್ಲ. ಕೇರಳದ ಮಲಪ್ಪುರಂ ಜಿಲ್ಲೆಯ ಪುಳಿಕ್ಕಲ್‌ನ ಮಸೀದಿಯೊಂದರಲ್ಲಿ ಶುಕ್ರವಾರದ ಖುತ್ಬಾವನ್ನು ಸನ್ನೆಭಾಷೆಯಲ್ಲೂ ಹೇಳುತ್ತಾರೆ. ವಾಕ್ ಶ್ರವಣ ಸಂಸ್ಥೆ 1965ರಿಂದಲೂ ಇರುವ ಮೈಸೂರಿನಲ್ಲಿ ಹರಿಕಥೆಗೂ ಧರ್ಮಸಭೆಗೂ ಸನ್ನೆಭಾಷೆ ಏಕೆ ಸಹಜವಾಗಿಲ್ಲ?

ಕಾನೂನಿನ ಮಾತು ಬೇಡವೆಂದುಕೊಂಡಿದ್ದೆ, ಆದರೂ ಹೇಳಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸಾರ್ವಜನಿಕ ಕಟ್ಟಡದ ವ್ಯಾಖ್ಯೆಯೊಳಗೆ ಧಾರ್ಮಿಕ ಉದ್ದೇಶದ ಕಟ್ಟಡಗಳನ್ನು, ಖಾಸಗಿಯವನ್ನೂ ಸೇರಿಸಿದೆ. ನಿಯಮ ಬಂದ 5 ವರ್ಷಗಳಲ್ಲಿ ಹಳೆಯ ಕಟ್ಟಡಗಳೂ ಸಜ್ಜಾಗಬೇಕಿತ್ತು. ಆ ಗಡುವು 2022ಕ್ಕೇ ತೀರಿತು. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು, ನಿಯಮಗಳು ಬರೀ ಸಲಹೆಯಂತಿವೆ, ಕಡ್ಡಾಯ ಮಾಡಿ ಎಂದು ಕೇಂದ್ರಕ್ಕೆ ಹೇಳಿತು. ಇದನ್ನು ಎಷ್ಟು ಆಡಳಿತ ಮಂಡಳಿಗಳು ಓದಿವೆಯೋ.

ಮುಂದಿನ ದಸರೆಗೆ ಪಾಸಿನ ಜೊತೆ ಒಂದು ನಕ್ಷೆ ಅಚ್ಚು ಮಾಡಿಸಲಿ: ವಾಹನ ಎಲ್ಲಿವರೆಗೆ ಬಿಡುತ್ತಾರೆ, ಅಲ್ಲಿಂದ ಗೇಟಿಗೆ ಎಷ್ಟು ಮೀಟರ್, ದಾರಿಯಲ್ಲಿ ಎಷ್ಟು ಮೆಟ್ಟಿಲು, ಶೌಚಾಲಯ ಎಲ್ಲಿ, ಮರಳುವಾಗ ಆಟೊ ಎಲ್ಲಿ ನಿಲ್ಲುತ್ತದೆ. ಅದನ್ನು ಬರೆಯಲು ಯಾರಾದರೂ ಒಬ್ಬರು ಗಾಲಿಕುರ್ಚಿಯಲ್ಲಿ ಆ ದಾರಿ ಸವೆಸಿ ನೋಡಬೇಕಾಗುತ್ತದೆ. ಪ್ರತ್ಯೇಕ ಆಸನದ ಫೋಟೊ ಹಾಕುವ ಪತ್ರಿಕೆಗಳು ಆ ನಕ್ಷೆಯನ್ನೂ ಹಾಕಲಿ.