y ಸಿಕ್ಕಿದ ಮೇಲೆ

x⁴ − 5x² + 4 = 0. ನಾಲ್ಕನೇ ಘಾತ ಕಂಡೊಡನೆ ಹಲವರು ಪೆನ್ನು ಕೆಳಗಿಡುತ್ತಾರೆ. ಆದರೆ ಈ ಸಮೀಕರಣದಲ್ಲಿ ಏನಿದೆ ಎನ್ನುವುದಕ್ಕಿಂತ ಏನಿಲ್ಲ ಎನ್ನುವುದನ್ನು ಮೊದಲು ನೋಡಬೇಕು. x³ ಇಲ್ಲ, ಬರಿಯ x ಕೂಡ ಇಲ್ಲ. x ಎಲ್ಲೆಲ್ಲಿ ಬಂದಿದೆಯೋ ಅಲ್ಲೆಲ್ಲ x² ಆಗಿಯೋ ಅದರ ವರ್ಗವಾಗಿಯೋ ಬಂದಿದೆ. ಹಾಗಾಗಿ x² ಅನ್ನು y ಎಂದು ಕರೆದರೆ ಉಳಿಯುವುದು y² − 5y + 4 = 0, ಹತ್ತನೇ ತರಗತಿಯ ವರ್ಗಸಮೀಕರಣ. ಅಪವರ್ತಿಸಿದರೆ (y − 1)(y − 4) = 0, ಅಂದರೆ y ಬೆಲೆ 1 ಅಥವಾ 4.

ಉತ್ತರ ಪತ್ರಿಕೆಗಳು ಎಡವುವುದು ಇಲ್ಲಿಯೇ. 1 ಮತ್ತು 4 ಎಂದು ಬರೆದು ಅಡಿಗೆರೆ ಎಳೆದುಬಿಡುತ್ತಾರೆ. 4 ಅನ್ನು ಮೂಲ ಸಮೀಕರಣಕ್ಕೆ ಹಾಕಿ ನೋಡಿ: 256 − 80 + 4, ಒಟ್ಟು 180, ಸೊನ್ನೆಯ ಹತ್ತಿರಕ್ಕೂ ಬರಲಿಲ್ಲ. ನಮಗೆ ಬೇಕಾದದ್ದು x. x² = 1 ಆದರೆ x ಬೆಲೆ 1 ಅಥವಾ −1; x² = 4 ಆದರೆ 2 ಅಥವಾ −2. ಒಟ್ಟು ನಾಲ್ಕು ಮೂಲಗಳು. ಋಣ ಚಿಹ್ನೆಯವನ್ನು ಬಿಟ್ಟರೆ ಅರ್ಧ ಉತ್ತರ ಕೈಬಿಟ್ಟಂತೆ. ಸಮಘಾತಗಳಷ್ಟೇ ಇರುವುದರಿಂದ ಒಂದು ಸಂಖ್ಯೆ ಮೂಲವಾದರೆ ಅದರ ಋಣರೂಪವೂ ಮೂಲವೇ. ಎಲ್ಲ ಮೂಲಗಳ ಮೊತ್ತ ಸೊನ್ನೆಯಾಗದಿದ್ದರೆ ಏನೋ ತಪ್ಪಿಹೋಗಿದೆ ಎಂದೇ ತಿಳಿಯಬೇಕು.

y ನಿಂದ x ಗೆ ಮರಳುವ ಈ ಹೆಜ್ಜೆಯೇ ನನಗೆ ಹೆಚ್ಚು ಇಷ್ಟ, ಏಕೆಂದರೆ ಲೆಕ್ಕದ ನಿಜವಾದ ತೀರ್ಮಾನ ಆಗುವುದು ಅಲ್ಲಿ. x⁴ − 5x² − 36 = 0 ತೆಗೆದುಕೊಳ್ಳಿ. ಬದಲಾದದ್ದು ಕೊನೆಯ ಪದ ಮಾತ್ರ. y ಬೆಲೆ 9 ಅಥವಾ −4. ಒಂಬತ್ತು 3 ಮತ್ತು −3 ಅನ್ನು ಕೊಡುತ್ತದೆ. −4 ವಾಸ್ತವ ಸಂಖ್ಯೆಗಳಲ್ಲಿ ಏನನ್ನೂ ಕೊಡದು, ಯಾವ ವಾಸ್ತವ ಸಂಖ್ಯೆಯ ವರ್ಗವೂ ಋಣವಾಗಲಾರದು. ಪಿಯುಸಿಯಲ್ಲಿ ಸಮ್ಮಿಶ್ರ ಸಂಖ್ಯೆ ಓದಿದವರು ಅಲ್ಲಿಂದಲೂ 2i, −2i ತೆಗೆಯುತ್ತಾರೆ.

ಒಂದೇ ಒಂದು x ಪದ ಸೇರಿಕೊಂಡರೂ ಈ ದಾರಿ ಮುಚ್ಚಿಹೋಗುತ್ತದೆ. ಹನ್ನೆರಡನೇ ಶತಮಾನದ ಭಾಸ್ಕರಾಚಾರ್ಯರ ‘ಬೀಜಗಣಿತ’ದಲ್ಲಿ ಅಂಥದೊಂದು ಲೆಕ್ಕವಿದೆ. ಈಗಿನ ಸಂಕೇತಗಳಲ್ಲಿ ಅದು x⁴ − 2x² − 400x = 9999. 400x ಇರುವುದರಿಂದ x² ಅನ್ನು y ಮಾಡಿ ಪ್ರಯೋಜನವಿಲ್ಲ. ಎರಡೂ ಕಡೆ 4x² + 400x + 1 ಕೂಡಿಸಿದರೆ ಎಡಗಡೆ (x² + 1)², ಬಲಗಡೆ (2x + 100)². ಎರಡೂ ಪೂರ್ಣವರ್ಗ! ಏನನ್ನು ಕೂಡಿಸಬೇಕೆಂಬುದು ಹೊಳೆಯುವುದೇ ಇಲ್ಲಿ ಕಷ್ಟ. ಅದಕ್ಕೆ ನಮ್ಮ y ಯಂಥ ಸಿದ್ಧ ಸೂತ್ರವಿಲ್ಲ. ಮುಂದಿನದು ಸುಲಭ: x² + 1 = 2x + 100, ಅಂದರೆ x² − 2x − 99 = 0, x ಬೆಲೆ 11 ಅಥವಾ −9. ಬಲಗಡೆಗೆ ಋಣ ಚಿಹ್ನೆ ಹಾಕಿದರೆ x² + 2x + 101 = 0 ಬರುತ್ತದೆ, ಅದಕ್ಕೆ ವಾಸ್ತವ ಮೂಲಗಳಿಲ್ಲ. ಇಲ್ಲಿ 11ಕ್ಕೆ −11 ಜೊತೆಯಾಗಿ ಬರಲಿಲ್ಲ. ಆ ಜೋಡಿಯನ್ನು ಒಡೆದದ್ದು 400x.