ಒಂದು ಪ್ಯಾರಾ, ನಾಲ್ಕು ಸಾಲು

ಸಂಶೋಧನಾ ಪ್ರಬಂಧದ 'ವಿಧಾನ' ಭಾಗದಲ್ಲಿ ಬರುವಂಥ ನಾಲ್ಕು ಸಾಲುಗಳನ್ನು ಮಾದರಿಗೆಂದು ನಾನೇ ಬರೆದುಕೊಂಡಿದ್ದೇನೆ. ದತ್ತಾಂಶದಲ್ಲಿ 600 ಸಾಲುಗಳಿವೆ ಎಂದಿಟ್ಟುಕೊಳ್ಳಿ.

"ವಿಶ್ಲೇಷಣೆಯನ್ನು ಪೈಥಾನ್ 3.7ರಲ್ಲಿ ಮಾಡಲಾಗಿದೆ."

ಬರೀ 'ಪೈಥಾನ್' ಎಂದರೆ ಸಾಲದು. ಹಳೆಯ ಪ್ಯಾಕೇಜು ಇಂದಿನ ಪೈಥಾನ್‌ನಲ್ಲಿ ಸುಲಭವಾಗಿ ಕೂರುವುದಿಲ್ಲ. ಮುಂದಿನ ಸಾಲಿನ ಪ್ಯಾಕೇಜನ್ನು ಮತ್ತೆ ಓಡಿಸಬೇಕೆನ್ನುವವರಿಗೆ ಈ 3.7 ಬೇಕೇ ಬೇಕು.

"ವರ್ಗೀಕರಣಕ್ಕೆ ಸೈಕಿಟ್-ಲರ್ನ್ 0.21.3 (ಪೆಡ್ರೆಗೊಸಾ ಮತ್ತಿತರರು, 2011) ಬಳಸಲಾಗಿದೆ."

ಇಲ್ಲಿ ಎರಡು ಕೆಲಸಗಳಾಗಿವೆ. 2011ರ ಲೇಖನದ ಉಲ್ಲೇಖ ಪ್ಯಾಕೇಜು ಕಟ್ಟಿದವರಿಗೆ ಸಲ್ಲುವ ಮನ್ನಣೆ. ಆದರೆ ನಿಮ್ಮ ಯಂತ್ರದಲ್ಲಿ ಓಡಿದ್ದು ಯಾವ ಕೋಡ್ ಎಂದು ಆ ಲೇಖನ ಹೇಳಲಾರದು. ಅದನ್ನು ಹೇಳುವುದು 0.21.3 ಎಂಬ ಅಂಕಿ ಮಾತ್ರ. ಆರ್ ಬಳಸುವವರಿಗೆ ಮೊದಲನೆಯದನ್ನು `citation("lme4")`, ಎರಡನೆಯದನ್ನು `packageVersion("lme4")` ಕೊಡುತ್ತವೆ.

"ರ‍್ಯಾಂಡಮ್ ಫಾರೆಸ್ಟ್ ಮಾದರಿಯನ್ನು ಡೀಫಾಲ್ಟ್ ಆಯ್ಕೆಗಳೊಂದಿಗೆ ಬಳಸಿ, ಕ್ರಾಸ್ ವ್ಯಾಲಿಡೇಶನ್‌ನಿಂದ ನಿಖರತೆ ಅಳೆಯಲಾಗಿದೆ."

ಅಪಾಯವೆಲ್ಲ 'ಡೀಫಾಲ್ಟ್' ಎಂಬ ಪದದಲ್ಲಿದೆ. 0.21ರಲ್ಲಿ ಡೀಫಾಲ್ಟ್ ಎಂದರೆ ಹತ್ತು ಮರಗಳ ಕಾಡು; 2019ರ ಡಿಸೆಂಬರಿನಲ್ಲಿ ಬಂದ 0.22ರಲ್ಲಿ ನೂರು ಮರಗಳದ್ದು. ಹತ್ತೇ ಮರಗಳಿದ್ದಾಗ `random_state` ಬದಲಿಸಿದರೆ ಉತ್ತರ ಹೆಚ್ಚು ತೂಗಾಡುತ್ತದೆ. ಅದೇ 0.22ರಲ್ಲಿ ದತ್ತಾಂಶವನ್ನು ಹೋಳು ಮಾಡುವ ಸಂಖ್ಯೆಯೂ ಮೂರರಿಂದ ಐದಕ್ಕೇರಿತು. ನಮ್ಮ 600 ಸಾಲುಗಳಲ್ಲಿ ಮೊದಲು ಪ್ರತಿ ಸುತ್ತಿಗೆ 400ರಿಂದ ಕಲಿತು 200ರ ಮೇಲೆ ಪರೀಕ್ಷೆ; ಆಮೇಲೆ 480ರಿಂದ ಕಲಿತು 120ರ ಮೇಲೆ. ಕೋಡಿನ ಒಂದಕ್ಷರವೂ ಬದಲಾಗದೆ ನಿಖರತೆಯ ಅಂಕಿ ಬದಲಾಗಬಹುದು. ಆವೃತ್ತಿ ನಮೂದಿಸದಿದ್ದರೆ, ಮರಳಿ ಪರೀಕ್ಷಿಸುವವರು ತಪ್ಪು ತಮ್ಮದೋ ನಿಮ್ಮದೋ ಎಂದು ದಿನಗಟ್ಟಲೆ ಹುಡುಕುತ್ತಾರೆ. ಹಳೆಯ ಆವೃತ್ತಿ ಈ ಬಗ್ಗೆ `FutureWarning` ತೋರಿಸುತ್ತಿತ್ತು. ಪರದೆ ಚೊಕ್ಕಟವಾಗಿರಲೆಂದು ಎಚ್ಚರಿಕೆಗಳ ಬಾಯಿ ಮುಚ್ಚಿಸಿದವರಿಗೆ ಅದು ಕಾಣಿಸಿರಲಿಕ್ಕಿಲ್ಲ!

ಆವೃತ್ತಿ ಬರೆದ ಮೇಲೂ ಈ ಸಾಲು ನನಗೆ ಒಪ್ಪಿಗೆಯಿಲ್ಲ. 'ಡೀಫಾಲ್ಟ್' ಅನ್ನುವ ಬದಲು 'ಹತ್ತು ಮರ, ಮೂರು ಹೋಳು' ಎಂದು ಬಿಡಿಸಿ ಬರೆಯುವುದೇ ಸರಿ.

"ಚಿತ್ರಗಳನ್ನು ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಬರೆಯಲಾಗಿದೆ."

ಇದು ಫಲಿತಾಂಶವನ್ನು ತಿದ್ದಿಲ್ಲ, ಹೆಸರಿಸಿದರೆ ಸಾಕು. ಉಳಿದ ಪ್ಯಾಕೇಜುಗಳ ಆವೃತ್ತಿಗಳನ್ನು `pip freeze` ಪಟ್ಟಿಯಾಗಿ ಕೊಡುತ್ತದೆ. ಅದನ್ನು ಕೋಡಿನ ಜೊತೆಗಿಡಿ.

ಕೊನೆಗೊಂದು ಮಾತು. ಪ್ರಬಂಧ ಬರೆಯುವ ದಿನ ಲ್ಯಾಪ್‌ಟಾಪ್ ತೋರಿಸುವ ಆವೃತ್ತಿಯನ್ನು ನಂಬಬೇಡಿ. ವಿಶ್ಲೇಷಣೆ ಓಡಿದ ದಿನಕ್ಕೂ ಅದಕ್ಕೂ ನಡುವೆ ಯಾವಾಗಲೋ ಅಪ್‌ಡೇಟ್ ಆಗಿರಬಹುದು. ಫಲಿತಾಂಶ ಬರೆಯುವ ಸ್ಕ್ರಿಪ್ಟಿನಲ್ಲೇ ಈ ಎರಡು ಸಾಲು ಸೇರಿಸಿ, ಬಂದ ಅಂಕಿಯನ್ನು ಫಲಿತಾಂಶದ ಜೊತೆಗೇ ಉಳಿಸಿಕೊಳ್ಳಿ:

```python
import sklearn
print(sklearn.__version__)
```