ಕಂಬ ಬಿಡಿ, ತಂತಿ ನೋಡಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯಿಂದ ದುಡಿಯಲು ಹೋದವರು ಬೀದಿಯ ಫೋಟೋ ಕಳಿಸುತ್ತಾರೆ. ಹಿಂದೆ ಮೆಟ್ರೋದ ದಪ್ಪ ಕಂಬ ಕಂಡರೆ ಸಾಕು, ನೋಡಿದವರು ‘ಬೆಂಗಳೂರು’ ಎಂದು ಹೇಳಿಬಿಡುತ್ತಾರೆ. ಫೋಟೋ ನೋಡಿ ಊರು ಹೇಳುವ ಆಟದಲ್ಲಿ ಇದು ಅವಸರದ ತೀರ್ಮಾನ. ಕಾಂಕ್ರೀಟ್ ಕಂಬ ಚೆನ್ನೈನಲ್ಲೂ ಹೈದರಾಬಾದಿನಲ್ಲೂ ಹೆಚ್ಚುಕಡಿಮೆ ಹೀಗೇ ಇರುತ್ತದೆ. ಊರನ್ನು ಬಿಟ್ಟುಕೊಡುವುದು ಕಂಬದ ಮೇಲಿನ ಆಕಾಶ. ಚೆನ್ನೈ, ಹೈದರಾಬಾದ್ ರೈಲುಗಳು 25,000 ವೋಲ್ಟ್ ಕರೆಂಟನ್ನು ತಲೆಯ ಮೇಲಿನ ತಂತಿಯಿಂದ ಪಡೆಯುತ್ತವೆ. ಅಷ್ಟು ವೋಲ್ಟೇಜಿನ ತಂತಿಯನ್ನು ಎಲ್ಲಕ್ಕೂ ದೂರವಾಗಿ, ಎತ್ತರದಲ್ಲಿ ಕಟ್ಟಲೇಬೇಕು. ಹಾಗಾಗಿ ಸೇತುವೆಯುದ್ದಕ್ಕೂ ಕಬ್ಬಿಣದ ಕಂಬಗಳು ಸಾಲಾಗಿ ನಿಂತಿರುತ್ತವೆ. 2011ರ ಅಕ್ಟೋಬರಿನಲ್ಲಿ ಓಡಲು ತೊಡಗಿದ ನಮ್ಮ ಮೆಟ್ರೋಗೆ ಬರುವುದು 750 ವೋಲ್ಟ್. ಅದು ಹಳಿಯ ಪಕ್ಕದ ಮೂರನೇ ಹಳಿಯಲ್ಲೇ ಹರಿಯುತ್ತದೆ. ಕೆಳಗಿನ ರಸ್ತೆಗೆ ಆ ಹಳಿ ಕಾಣುವುದಿಲ್ಲ, ಸೇತುವೆಯ ಮೇಲೆ ಬರೀ ಬಾನು.

ದಕ್ಷಿಣದ ಊರೆಂದು ಬೇರೆ ಗುರುತಿನಿಂದ ತಿಳಿದಿದ್ದರೆ, ತಂತಿಯಿಲ್ಲದ ಸೇತುವೆ ಪಟ್ಟಿಯನ್ನು ಎರಡು ಊರಿಗೆ ಇಳಿಸುತ್ತದೆ: ಬೆಂಗಳೂರು, ಕೊಚ್ಚಿ. ಕೊಚ್ಚಿಯೂ ಮೂರನೇ ಹಳಿಯದೇ. ಆಗ ಆಟೋ ನೋಡಬೇಕು: ಕೇರಳದ್ದು ಕಪ್ಪು-ಹಳದಿ, ಬೆಂಗಳೂರಿನದ್ದು ಹೆಚ್ಚಾಗಿ ಹಸಿರು-ಹಳದಿ. ಅದೇ ಕಂಬದ ಮೇಲೆ ಒಂದು ರಸ್ತೆ, ಅದರ ಮೇಲೆ ಮೆಟ್ರೋ ಹೀಗೆ ಎರಡಂತಸ್ತು ಕಂಡರೆ ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್‌ವರೆಗಿನ ಹಳದಿ ಮಾರ್ಗವನ್ನು ಮೊದಲು ನೆನೆಯಬೇಕು. ನಾಗಪುರದಲ್ಲೂ ಎರಡಂತಸ್ತಿದೆ, ಆದರೆ ಅಲ್ಲಿ ತಂತಿಯೂ ಇದೆ.

ಇಲ್ಲಿ ಒಂದು ಆಕ್ಷೇಪಕ್ಕೆ ಜಾಗವಿದೆ: ತಂತಿ ಕಾಣಲಿಲ್ಲ ಅಂದಮಾತ್ರಕ್ಕೆ ಇಲ್ಲವೆಂದು ಹೇಳಬಹುದೇ? ಕಂಬದ ಬುಡದಲ್ಲಿ ನಿಂತು ತೆಗೆದ ಫೋಟೋದಲ್ಲಿ ಸೇತುವೆಯ ಅಂಚೇ ಎಲ್ಲವನ್ನೂ ಮುಚ್ಚುತ್ತದೆ. ಕೆಲಸ ನಡೆಯುತ್ತಿರುವ ಮಾರ್ಗದಲ್ಲಿ ತಂತಿ ಇನ್ನೂ ಎಳೆದಿರುವುದಿಲ್ಲ. ಈ ಮಾತು ಸರಿಯೇ. ಅದಕ್ಕೇ ಸೇತುವೆ ದೂರಕ್ಕೆ ಬಾಗಿ ಹೋಗುವ ಭಾಗವನ್ನು ಹುಡುಕಬೇಕು. ಅಲ್ಲೂ ಬಾನು ಖಾಲಿಯಾಗಿದ್ದು, ರೈಲೊಂದು ಓಡುತ್ತಿದ್ದರೆ ಮಾತ್ರ ಈ ಸುಳಿವನ್ನು ನಂಬಬಹುದು. ರೈಲಿನ ನೆತ್ತಿಯಲ್ಲಿ ತಂತಿಗೆ ತಾಗುವ ಮಡಚುತೋಳು ಇದ್ದರಂತೂ ಬೆಂಗಳೂರು ಅಲ್ಲ.

ಟ್ರಾಮಿನ ವಿಷಯದಲ್ಲಿ ಲೆಕ್ಕ ತಿರುಗುಮುರುಗು. ಹಳಿ ಡಾಂಬರಿಗೆ ಸಮನಾಗಿ ಹೂತಿರುತ್ತದೆ, ಹಾಗಾಗಿ ಟ್ರಾಮು ನಿಂತ ಮೇಲೂ ಉಳಿದುಬಿಡುತ್ತದೆ. ಮದ್ರಾಸಿನ ಟ್ರಾಮು 1953ರಲ್ಲಿ, ಮುಂಬಯಿಯದ್ದು 1964ರಲ್ಲಿ ನಿಂತಿತು. ಈಚಿನ ಫೋಟೋದಲ್ಲಿ ಹಳಿಯ ಜೊತೆಗೆ ಟ್ರಾಮೂ ಕಂಡರೆ ನಮ್ಮ ದೇಶದಲ್ಲಿ ಕೊಲ್ಕತ್ತಾ ಒಂದೇ ಉತ್ತರ. ಬರೀ ಹಳಿ ಕಂಡರೆ ಫೋಟೋದ ವರ್ಷ ಕೇಳಿ. ಕೇಬಲ್ ಕಾರಿನ ಡಬ್ಬಿಗಳು ಮನೆಗಳ ಮೇಲೆ ಬಸ್ಸಿನಂತೆ ಸಾಲುಸಾಲಾಗಿ ಹೋಗುತ್ತಿದ್ದರೆ ಬೊಲಿವಿಯಾದ ಲಾ ಪಾಜ್ ಅನ್ನು ಮೊದಲು ನೆನೆಯಿರಿ. ಅಲ್ಲಿ 2014ರಿಂದ ಜನ ಅದರಲ್ಲೇ ಕೆಲಸಕ್ಕೆ ಹೋಗುತ್ತಾರೆ.

ಮುಂದಿನ ಫೋಟೋ ಬಂದಾಗ ಬೋರ್ಡು ಓದುವ ಮೊದಲು ಒಮ್ಮೆ ಸೇತುವೆಯ ಮೇಲೆ ಕಣ್ಣಾಡಿಸಿ.